ಪರೀಕ್ಷೆ ಹೊತ್ತಿಗೆ ಪುಸ್ತಕದಂಗಡಿಯಿಂದ ಬರುವ ಪತ್ರ

ಫೆಬ್ರವರಿ ಬಂತೆಂದರೆ ಮನೆಮಂದಿಯೇ ನಡೆಸುವ ಪುಸ್ತಕದಂಗಡಿಗಳ ದಿನಚರಿ ಬದಲಾಗುತ್ತದೆ. ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಮಕ್ಕಳಲ್ಲಿ ಅನೇಕರು ಟ್ಯೂಷನ್ ಮುಗಿಸಿ ಹೊರಬೀಳುವುದು ರಾತ್ರಿ ಎಂಟರ ಮೇಲೆ. ಅಷ್ಟರಲ್ಲಿ ಬಾಗಿಲು ಹಾಕಿದರೆ ವ್ಯಾಪಾರವೂ ಇಲ್ಲ, ಮಗುವಿಗೆ ಬೇಕಾದ ಪುಸ್ತಕವೂ ಇಲ್ಲ. ಅದಕ್ಕೇ ಕಾಯಂ ಗಿರಾಕಿಗಳಿಗೆ ಪತ್ರ ಹೋಗುತ್ತದೆ: ಒಂಬತ್ತೂವರೆವರೆಗೆ ಅಂಗಡಿ ತೆರೆದಿರುತ್ತದೆ, ಇಷ್ಟು ರಿಯಾಯಿತಿ ಇದೆ.

ಈ ಪತ್ರದಲ್ಲಿ ಎಚ್ಚರದಿಂದ ಬರೆಯಬೇಕಾದದ್ದು ರಿಯಾಯಿತಿಯ ಸಾಲು. 'ಎಲ್ಲ ಪುಸ್ತಕಗಳಿಗೂ ಶೇ 15' ಎಂದು ಬರೆದುಬಿಡಬಹುದು, ನಿಭಾಯಿಸುವುದು ಕಷ್ಟ. ಒಂದು ಗೈಡಿನ ಮುಖಬೆಲೆ 300 ರೂಪಾಯಿ, ಪ್ರಕಾಶಕರು ಅಂಗಡಿಗೆ ಶೇ 25 ಬಿಡುತ್ತಾರೆ ಎಂದಿಟ್ಟುಕೊಳ್ಳಿ. ಅಂಗಡಿಗೆ ಅದು ಬೀಳುವುದು 225ಕ್ಕೆ. ಶೇ 15 ಬಿಟ್ಟು 255ಕ್ಕೆ ಮಾರಿದರೆ ಉಳಿಯುವುದು 30 ರೂಪಾಯಿ. ಹತ್ತು ಪ್ರತಿ ತರಿಸಿ ಒಂಬತ್ತು ಮಾರಿ, ಉಳಿದ ಒಂದನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳದಿದ್ದರೆ? ಒಂಬತ್ತರ ಲಾಭ 270, ಉಳಿದ ಒಂದರ ನಷ್ಟ 225. ಕೈಯಲ್ಲಿ ನಿಲ್ಲುವುದು 45 ರೂಪಾಯಿ. ಬಾಡಿಗೆ, ಕರೆಂಟು, ಪಾರ್ಸೆಲ್ ಖರ್ಚು ಅದರಲ್ಲೇ ಆಗಬೇಕು. ಪಠ್ಯ ಬದಲಾದರೆ ಆ ಉಳಿದ ಗೈಡ್ ರದ್ದಿಗೇ ಹೋಗಬೇಕು.

ಆದ್ದರಿಂದ ಬಲ್ಲ ವ್ಯಾಪಾರಿಗಳು ಹೆಚ್ಚಿನ ರಿಯಾಯಿತಿಯನ್ನು ಪರೀಕ್ಷೆಯ ವಾರಕ್ಕೆ ಇಡದೆ ಫೆಬ್ರವರಿಯಲ್ಲೇ ಕೊಡುವುದು ಮೇಲು. ಯಾವ ವಿಷಯ, ಯಾವ ಮಾಧ್ಯಮದ ಗೈಡ್ ಎಷ್ಟು ಬೇಕೆಂದು ಆಗಲೇ ತಿಳಿಯುತ್ತದೆ, ಕಮ್ಮಿ ಬಿದ್ದರೆ ಮತ್ತೆ ತರಿಸಲು ಸಮಯವೂ ಇರುತ್ತದೆ. 'ಬೇಕಾದದ್ದನ್ನು ಮೊದಲೇ ತಿಳಿಸಿ, ತೆಗೆದಿಡುತ್ತೇವೆ' ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಇಬ್ಬರಿಗೂ ಅನುಕೂಲ. ಸರ್ಕಾರಿ ಪಠ್ಯಪುಸ್ತಕಕ್ಕೆ ರಿಯಾಯಿತಿ ಇಲ್ಲದಿದ್ದರೆ ಅದನ್ನೂ ಅಲ್ಲೇ ಹೇಳಬೇಕು. ಪತ್ರ ಓದಿ ಬಂದವರಿಗೆ ಗಲ್ಲಾದ ಮುಂದೆ 'ಇದಕ್ಕಿಲ್ಲ' ಎಂದರೆ, ಎಷ್ಟೋ ವರ್ಷದ ಗಿರಾಕಿಯೂ ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಾರೆ.

ಹೊತ್ತಿನ ವಿಷಯದಲ್ಲೂ ಲೆಕ್ಕವಿದೆ. ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ಕೆಲಸದವರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಸಾಮಾನ್ಯ ಮಿತಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಹುಡುಗನನ್ನು ರಾತ್ರಿ ಒಂಬತ್ತೂವರೆವರೆಗೆ ನಿಲ್ಲಿಸಿಕೊಳ್ಳುವುದು ಸರಿಯಲ್ಲ. ಸಂಜೆಯ ಗಲ್ಲಾಕ್ಕೆ ಮನೆಯವರೇ ಸರದಿ ಹಾಕಿಕೊಳ್ಳಬೇಕು, ಇಲ್ಲವೇ ಹುಡುಗ ಮಧ್ಯಾಹ್ನ ಬರಬೇಕು. ಅಷ್ಟು ಜನವಿಲ್ಲದ ಮನೆಯವರು ವಾರದಲ್ಲಿ ಮೂರು ದಿನ ಮಾತ್ರ ತಡವಾಗಿ ಮುಚ್ಚುತ್ತೇವೆಂದು ಬರೆದರೂ ಸಾಕು. ಬರೆದ ಮೇಲೆ ಆ ಮೂರು ದಿನ ತಪ್ಪಬಾರದು.

ಇನ್ನೊಂದು ಮಾತು. ರಾಜ್ಯದಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಮೊದಲ ಫಲಿತಾಂಶ ಬಂದ ಕೂಡಲೇ ಎರಡನೇ ಪತ್ರ ಕಳಿಸಬೇಕು. ಗಣಿತ ಒಂದರಲ್ಲೇ ಉಳಿದ ಮಗುವಿಗೆ ಆರು ವಿಷಯಗಳ ಸೆಟ್ ಬೇಕಿಲ್ಲ. ಗಣಿತದ ಗೈಡ್ ಬಿಡಿಯಾಗಿ ಸಿಗುತ್ತದೆಂದು ಆ ಪತ್ರದ ಮೊದಲ ಸಾಲಿನಲ್ಲೇ ಇರಲಿ.