ಬಹುಮಾನಕ್ಕೊಂದು ಶಿಫಾರಸು ಪತ್ರ

ವಾರ್ಷಿಕೋತ್ಸವವು ಸಮೀಪಿಸಿತೆಂದರೆ ಪಾಠಶಾಲೆಗಳಲ್ಲಿ ‘ಉತ್ತಮ ವಿದ್ಯಾರ್ಥಿ’ ಬಹುಮಾನಕ್ಕಾಗಿ ಶಿಫಾರಸು ಪತ್ರಗಳು ಬರತೊಡಗುವುವು. ಸಾಮಾನ್ಯವಾಗಿ ಬರೆಯುವವರು ಉಪಾಧ್ಯಾಯರು. ಕೆಲವೆಡೆ ತಾಯಿತಂದೆಗಳೂ ಬರೆಯುವುದುಂಟು. ‘ವಿಧೇಯಳು, ಶ್ರಮಶೀಲೆ, ಎಲ್ಲರಿಗೂ ಅಚ್ಚುಮೆಚ್ಚಿನವಳು’ ಎಂಬ ಮಾತುಗಳು ಇಂತಹ ಪತ್ರಗಳಲ್ಲಿ ಪದೇಪದೇ ಕಾಣುತ್ತವೆ. ಹೆಸರನ್ನು ಬದಲಾಯಿಸಿದರೆ ಒಬ್ಬಳ ಪತ್ರವು ಇನ್ನೊಬ್ಬಳಿಗೆ ಸಲ್ಲುವುದು! ಆಯ್ಕೆಯ ಮಂಡಲಿಯವರಲ್ಲಿ ಕೆಲವರು ಆ ಮಗುವನ್ನು ಕಂಡೇ ಇರುವುದಿಲ್ಲ. ಅಂಥವರು ನಮ್ಮ ಅಭಿಪ್ರಾಯವನ್ನು ನಂಬಬೇಕಾದರೆ ನಾವು ಕಣ್ಣಾರೆ ಕಂಡುದನ್ನು ಅವರ ಮುಂದಿಡಬೇಕು.

ಎಂಟನೆಯ ತರಗತಿಯ ಬಾಲಕಿಯೊಬ್ಬಳನ್ನು ಉದಾಹರಣೆಗಾಗಿ ಭಾವಿಸಿಕೊಳ್ಳೋಣ. ‘ಗಣಿತದಲ್ಲಿ ಬಹಳ ಶ್ರಮಪಟ್ಟಳು, ಪ್ರಾಮಾಣಿಕಳು’ ಎಂಬುದರ ಬದಲಿಗೆ ಅವಳ ಉಪಾಧ್ಯಾಯಿನಿಯು ಹೀಗೆ ಬರೆಯಬಹುದು:

‘ಜೂನ್ ತಿಂಗಳ ಪರೀಕ್ಷೆಯಲ್ಲಿ ಇವಳಿಗೆ 25ಕ್ಕೆ 7 ಅಂಕಗಳು ಬಂದಿದ್ದವು. ತಾನು ತಪ್ಪುತ್ತಿರುವುದು ಭಿನ್ನರಾಶಿಯಲ್ಲಿಯೇ ಎಂಬುದನ್ನು ಕಂಡುಕೊಂಡು, ಕೆಳಗಿನ ತರಗತಿಯ ಪುಸ್ತಕವನ್ನು ಕೇಳಿ ಪಡೆದಳು. ದಸರೆಯ ರಜೆಯವರೆಗೆ ದಿನಕ್ಕೆ ನಾಲ್ಕು ಲೆಕ್ಕಗಳನ್ನು ಮಾಡಿ, ಬೆಳಗಿನ ಪ್ರಾರ್ಥನೆಗೆ ಮೊದಲು ತಂದು ತೋರಿಸುತ್ತಿದ್ದಳು. ಡಿಸೆಂಬರಿನ ಉತ್ತರಪತ್ರಿಕೆಯಲ್ಲಿ ಮೊತ್ತವು 19 ಎಂದು ದಾಖಲಾಗಿತ್ತು. ತಾನೇ ಕೂಡಿ ನೋಡಿ, 16 ಮಾತ್ರ ಬರಬೇಕೆಂದು ತಿದ್ದಿಸಿಕೊಂಡು ಹೋದಳು.’

ಇಲ್ಲಿ ಒಂದಾದರೂ ಹೊಗಳಿಕೆಯ ಪದವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೊದಲಿನ 7 ಅಂಕಗಳನ್ನು ಹೇಳಿದರೆ ಮಗುವಿಗೆ ಕುಂದೆಂದು ಹಲವರು ಅದನ್ನು ಮುಚ್ಚಿಡುವರು. ಆದರೆ ಹೊರಟ ಸ್ಥಳವನ್ನು ಹೇಳದಿದ್ದರೆ ನಡೆದ ದೂರವು ತಿಳಿಯುವುದೆಂತು? 16 ಅಂಕಗಳು ತಾವಾಗಿ ಯಾರ ಕಣ್ಣನ್ನೂ ಸೆಳೆಯಲಾರವು. ನಡತೆಯ ವಿಷಯವೂ ಹಾಗೆಯೇ. ಜಗಳವಾಡಲಿಲ್ಲ, ತಡವಾಗಿ ಬರಲಿಲ್ಲ ಎಂಬಿವು ತರಗತಿಯ ಅನೇಕರಿಗೆ ಸಲ್ಲುತ್ತವೆ. ಬೇಕಾಗಿ ಬಂದ ಮೂರು ಅಂಕಗಳನ್ನು ಬಿಟ್ಟುಕೊಟ್ಟುದರಲ್ಲಿ ಮಗುವಿಗೆ ನಷ್ಟವಿತ್ತು. ಆದಕಾರಣವೇ ಅದು ಸಾಕ್ಷಿಯಾಗುತ್ತದೆ.

ತಾವು ಕಾಣದೆ ಕೇಳಿದ ಸಂಗತಿಯಾದರೆ ‘ಆಟದ ಉಪಾಧ್ಯಾಯರು ತಿಳಿಸಿದಂತೆ’ ಎಂದು ಸೇರಿಸುವುದು ಮೇಲು. ತಾಯಿಯು ಬರೆಯುವುದಾದರೆ ಮನೆಯಲ್ಲಿ ಕಂಡುದನ್ನೇ ಬರೆಯಲಿ. ತರಗತಿಯ ನಡತೆಗೆ ಆಕೆಯ ಮಾತು ನಿಲ್ಲದು.

ಮನೆಯ ಬಡತನವನ್ನೂ ತಂದೆಯ ಕಾಯಿಲೆಯನ್ನೂ ಕರುಣೆ ಹುಟ್ಟಿಸಲೆಂದು ಬರೆಯುವ ಅಭ್ಯಾಸವೊಂದುಂಟು. ನಮಗೆ ಇದು ಒಪ್ಪಿಗೆಯಲ್ಲ. ಬಹುಮಾನದ ದಿನ ಪತ್ರದ ಮಾತುಗಳನ್ನು ವೇದಿಕೆಯಿಂದ ಓದಿಬಿಟ್ಟರೆ ಆ ಮಗುವು ಸಹಪಾಠಿಗಳ ನಡುವೆ ತಲೆ ತಗ್ಗಿಸಿ ಕುಳಿತಿರಬೇಕಾದೀತು. ಅದನ್ನು ಹೇಳಲೇಬೇಕಾದಲ್ಲಿ ಮೊದಲು ಮನೆಯವರನ್ನೂ ಮಗುವನ್ನೂ ಕೇಳತಕ್ಕದ್ದು.

ಬರೆದಾದ ಮೇಲೆ ಹೆಸರನ್ನು ಕೈಯಿಂದ ಮುಚ್ಚಿ, ಅದೇ ತರಗತಿಗೆ ಪಾಠ ಹೇಳುವ ಇನ್ನೊಬ್ಬರಿಗೆ ಓದಲು ಕೊಡಿರಿ. ಯಾರ ಪತ್ರವೆಂದು ಅವರು ಗುರುತಿಸಲಾರದೆ ಹೋದರೆ, ಮತ್ತೊಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳಬೇಕು.