ಭೂಸ್ವಾಧೀನ ಪರಿಹಾರ ಹೆಚ್ಚಳದ ಆದೇಶ

ಭೂಸ್ವಾಧೀನ ಪರಿಹಾರ ಹೆಚ್ಚಳದ ಆದೇಶ ಎಂದರೆ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರವು ವಶಪಡಿಸಿಕೊಂಡ ಜಮೀನಿಗೆ ಭೂಸ್ವಾಧೀನಾಧಿಕಾರಿ ನಿಗದಿಪಡಿಸಿದ ಪರಿಹಾರವನ್ನು ಭೂಮಾಲೀಕನ ಕೋರಿಕೆಯ ಮೇರೆಗೆ ನ್ಯಾಯಾಲಯವು ಮರುಪರಿಶೀಲಿಸಿ ಹೆಚ್ಚಿಸುವ ಆದೇಶ. ಈ ಲೇಖನವು ಭಾರತದ 1894ರ ಭೂಸ್ವಾಧೀನ ಕಾಯ್ದೆಯ ಅಡಿಯಲ್ಲಿ ಹೊರಡುತ್ತಿದ್ದ ಆದೇಶಗಳ ರಚನೆಯನ್ನು ವಿವರಿಸುತ್ತದೆ. ಅಧಿಕಾರಿಯ ತೀರ್ಮಾನವನ್ನು ಐತೀರ್ಪು ಎನ್ನುತ್ತಾರೆ. ಅದನ್ನು ಒಪ್ಪದ ಭೂಮಾಲೀಕನು 18ನೆಯ ಕಲಮಿನ ಪ್ರಕಾರ, ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸಿ, ವಿಷಯವನ್ನು ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸುವಂತೆ ಕೋರಬಹುದಾಗಿತ್ತು.

## ಮೌಲ್ಯ ನಿರ್ಧಾರದ ಆಧಾರ

ಜಮೀನಿನ ಮಾರುಕಟ್ಟೆ ಮೌಲ್ಯವನ್ನು 4(1)ನೆಯ ಕಲಮಿನ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನಕ್ಕೆ ಅನ್ವಯಿಸಿ ಲೆಕ್ಕ ಹಾಕಲಾಗುತ್ತದೆ. ಯೋಜನೆಯಿಂದಾಗಿ ಮುಂದೆ ಏರಬಹುದಾದ ಬೆಲೆಯನ್ನು ಪರಿಗಣಿಸುವುದಿಲ್ಲ. ಸಾಮಾನ್ಯವಾಗಿ, ಅಧಿಸೂಚನೆಗೆ ಸ್ವಲ್ಪ ಮೊದಲು ಅದೇ ಪರಿಸರದಲ್ಲಿ ಪ್ರಾಮಾಣಿಕವಾಗಿ ನಡೆದ ಮಾರಾಟದ ಕ್ರಯಪತ್ರಗಳು ಮುಖ್ಯ ಸಾಕ್ಷ್ಯವಾಗುತ್ತವೆ. ಹೋಲಿಸಬಹುದಾದ ಕ್ರಯಪತ್ರಗಳು ದೊರೆಯದಿದ್ದಾಗ, ಕೃಷಿ ಜಮೀನಿನ ವಾರ್ಷಿಕ ಇಳುವರಿಯ ಬೆಲೆಯಲ್ಲಿ ಸಾಗುವಳಿ ವೆಚ್ಚವನ್ನು ಕಳೆದು, ಉಳಿದ ನಿವ್ವಳ ಆದಾಯವನ್ನು ನಿರ್ದಿಷ್ಟ ವರ್ಷಗಳ ಸಂಖ್ಯೆಯಿಂದ, ಸಾಮಾನ್ಯವಾಗಿ 10ರಿಂದ, ಗುಣಿಸುವ ಆದಾಯ ಪದ್ಧತಿಯನ್ನು ಅನುಸರಿಸಲಾಗುತ್ತದೆ.

ಚಿಕ್ಕ ನಿವೇಶನದ ದರವನ್ನು ದೊಡ್ಡ ಜಮೀನಿಗೆ ನೇರವಾಗಿ ಅನ್ವಯಿಸುವಂತಿಲ್ಲ. ರಸ್ತೆ, ಚರಂಡಿ ಮೊದಲಾದವುಗಳಿಗೆ ಬಿಡಬೇಕಾದ ಜಾಗ ಮತ್ತು ವೆಚ್ಚಕ್ಕಾಗಿ ಅಭಿವೃದ್ಧಿ ಕಡಿತ ಮಾಡಬೇಕಾಗುತ್ತದೆ. ಅನೇಕ ಪ್ರಕರಣಗಳಲ್ಲಿ ಇದು ಮೂರನೆಯ ಒಂದು ಭಾಗದಷ್ಟಿರುತ್ತದೆ.

## ಹೆಚ್ಚಳಕ್ಕೆ ಕಾರಣಗಳು

ಆದೇಶದಲ್ಲಿ ಹೆಚ್ಚಳದ ಮೊತ್ತದಷ್ಟೇ ಅದರ ಕಾರಣಗಳೂ ಮುಖ್ಯ. ಅಧಿಕಾರಿಯು ಅನೇಕ ಮಾರಾಟಗಳ ಸರಾಸರಿ ತೆಗೆದು ಉತ್ತಮ ಕ್ರಯಪತ್ರವನ್ನು ಕಡೆಗಣಿಸಿರುವುದು, ಜಮೀನು ಊರಿಗೆ ಅಥವಾ ಹೆದ್ದಾರಿಗೆ ಹತ್ತಿರವಿರುವುದನ್ನು ಗಮನಿಸದಿರುವುದು, ನೀರಾವರಿ ಜಮೀನನ್ನು ಖುಷ್ಕಿ ಎಂದು ಪರಿಗಣಿಸಿರುವುದು ಸಾಮಾನ್ಯ ಕಾರಣಗಳು. ಹೆಚ್ಚಿನ ಬೆಲೆಯನ್ನು ಸಾಬೀತುಪಡಿಸುವ ಹೊಣೆ ಭೂಮಾಲೀಕನದು. ಅಧಿಸೂಚನೆಯ ಸುದ್ದಿ ಹರಡಿದ ಮೇಲೆ ಬೆಲೆ ಏರಿಸಿ ಬರೆಸಿಕೊಂಡ ಕ್ರಯಪತ್ರಗಳನ್ನು ನ್ಯಾಯಾಲಯಗಳು ನಂಬುವುದಿಲ್ಲ.

## ಸೊಲೇಷಿಯಂ, ಹೆಚ್ಚುವರಿ ಮೊತ್ತ ಮತ್ತು ಬಡ್ಡಿ

ಮಾಲೀಕನ ಇಚ್ಛೆಗೆ ವಿರುದ್ಧವಾಗಿ ಜಮೀನು ಪಡೆಯುವುದಕ್ಕಾಗಿ ಮಾರುಕಟ್ಟೆ ಮೌಲ್ಯದ ಮೇಲೆ ಶೇ. 30ರಷ್ಟು ಸೊಲೇಷಿಯಂ ಅಥವಾ ಸಾಂತ್ವನ ಧನವನ್ನು ನೀಡಲಾಗುತ್ತದೆ. ಇದಲ್ಲದೆ 23(1-ಎ) ಕಲಮಿನಂತೆ, ಅಧಿಸೂಚನೆಯ ದಿನದಿಂದ ಐತೀರ್ಪು ಅಥವಾ ಸ್ವಾಧೀನ ಇವುಗಳಲ್ಲಿ ಮೊದಲು ನಡೆದದ್ದರವರೆಗೆ, ಮಾರುಕಟ್ಟೆ ಮೌಲ್ಯದ ಮೇಲೆ ವರ್ಷಕ್ಕೆ ಶೇ. 12ರಂತೆ ಹೆಚ್ಚುವರಿ ಮೊತ್ತ ಸೇರುತ್ತದೆ. ಇದು ಬಡ್ಡಿಯಲ್ಲ, ಇದರ ಮೇಲೆ ಸೊಲೇಷಿಯಂ ಲೆಕ್ಕ ಹಾಕುವುದು ತಪ್ಪು.

ಹೆಚ್ಚಿಸಿದ ಪರಿಹಾರದ ಮೇಲೆ 28ನೆಯ ಕಲಮಿನಂತೆ ಸ್ವಾಧೀನದ ದಿನದಿಂದ ಮೊದಲ ವರ್ಷಕ್ಕೆ ಶೇ. 9, ಅನಂತರ ಶೇ. 15ರ ಬಡ್ಡಿ ಇರುತ್ತದೆ. ಸೊಲೇಷಿಯಂ ಮೇಲೂ ಬಡ್ಡಿ ಸಲ್ಲುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಸುಂದರ್ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ತೀರ್ಮಾನಿಸಿತು.

## ಉದಾಹರಣೆ

ಕಾಲ್ಪನಿಕ ಪ್ರಕರಣವೊಂದರಲ್ಲಿ 2 ಎಕರೆ ಜಮೀನಿಗೆ ಅಧಿಕಾರಿಯು ಎಕರೆಗೆ 1.5 ಲಕ್ಷ ರೂಪಾಯಿಯಂತೆ 3 ಲಕ್ಷ ನಿಗದಿಪಡಿಸಿದ್ದಾನೆ. ಅಧಿಸೂಚನೆಗೆ ಎರಡು ತಿಂಗಳ ಹಿಂದೆ ಪಕ್ಕದ 10 ಗುಂಟೆ ಜಾಗ 1.5 ಲಕ್ಷಕ್ಕೆ ಮಾರಾಟವಾಗಿದೆ. ಎಕರೆಗೆ 40 ಗುಂಟೆಯಾದ್ದರಿಂದ ಈ ದರ ಎಕರೆಗೆ 6 ಲಕ್ಷವಾಗುತ್ತದೆ. ಮೂರನೆಯ ಒಂದು ಭಾಗ ಕಳೆದರೆ 4 ಲಕ್ಷ ಉಳಿಯುತ್ತದೆ. ಆದ್ದರಿಂದ 2 ಎಕರೆಗೆ 8 ಲಕ್ಷವಾಗಿ, ಹೆಚ್ಚಳ 5 ಲಕ್ಷ ರೂಪಾಯಿ.

ಹೆಚ್ಚಳದ ಮೇಲೆ ಸೊಲೇಷಿಯಂ 1.5 ಲಕ್ಷ. ಅಧಿಸೂಚನೆಯಾದ ಎರಡು ವರ್ಷಕ್ಕೆ, ಐತೀರ್ಪಿನ ದಿನವೇ ಸ್ವಾಧೀನವೂ ನಡೆದಿದ್ದರೆ ಹೆಚ್ಚುವರಿ ಮೊತ್ತ 1.2 ಲಕ್ಷ. ಒಟ್ಟು 7.7 ಲಕ್ಷ. ಸ್ವಾಧೀನದ ಐದು ವರ್ಷಗಳ ನಂತರ ಹಣ ಪಾವತಿಯಾದರೆ, ಮೊದಲ ವರ್ಷದ ಬಡ್ಡಿ 69,300 ಮತ್ತು ಉಳಿದ ನಾಲ್ಕು ವರ್ಷಗಳ ಬಡ್ಡಿ 4,62,000 ಸೇರಿ 5,31,300 ರೂಪಾಯಿ. ಹೀಗೆ ಹೆಚ್ಚುವರಿಯಾಗಿ ದೊರೆಯುವುದು 13,01,300 ರೂಪಾಯಿ. ಪಾವತಿ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ.

## ಇತರ ಭೂಮಾಲೀಕರು ಮತ್ತು 2013ರ ಕಾಯ್ದೆ

ಅದೇ ಅಧಿಸೂಚನೆಗೆ ಒಳಪಟ್ಟು, 18ನೆಯ ಕಲಮಿನ ಅರ್ಜಿ ಸಲ್ಲಿಸದ ಇತರರು 28-ಎ ಕಲಮಿನಂತೆ ನ್ಯಾಯಾಲಯದ ಆದೇಶದಿಂದ ಮೂರು ತಿಂಗಳೊಳಗೆ ಅದೇ ಪ್ರಯೋಜನವನ್ನು ಕೋರಬಹುದಾಗಿತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು. ಇದರಲ್ಲಿ ಸೊಲೇಷಿಯಂ ಶೇ. 100ಕ್ಕೆ ಏರಿದ್ದು, ಗ್ರಾಮೀಣ ಜಮೀನಿನ ಮಾರುಕಟ್ಟೆ ಮೌಲ್ಯವನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಲಾಗುತ್ತದೆ.