ಪ್ರೈಮರಿ ಟೀಚರ್ ಸಂದರ್ಶನ: ಅಂಕ ಯಾವುದಕ್ಕೆ?

ಎರಡನೇ ತರಗತಿಗೆ ಟೀಚರ್ ಬೇಕು. ಜಾಹೀರಾತಿನಲ್ಲಿ ‘ಉತ್ಸಾಹಿಗಳು ಬೇಕಾಗಿದ್ದಾರೆ’ ಅಂತ ಹಾಕಿದರೆ, ಸಂದರ್ಶನದಲ್ಲಿ ಅಳೆಯೋದು ಏನನ್ನ?

ಮೊದಲು ಅರ್ಹತೆ ಬರೆಯಿರಿ: ಡಿ.ಎಲ್.ಎಡ್., ಟಿಇಟಿ ಪತ್ರಿಕೆ 1. ಇವು ಇರಲೇಬೇಕು, ಹಾಗಾಗಿ ಇವಕ್ಕೆ ಅಂಕ ಬೇಡ. ಆಮೇಲೆ ಕೆಲಸ ಬರೆಯಿರಿ: ‘ಮಗು ಲೆಕ್ಕದಲ್ಲಿ ಎಲ್ಲಿ ಎಡವಿದೆ ಅಂತ ಗುರುತಿಸಿ, ಮತ್ತೆ ಕಲಿಸುವುದು.’ ಇದನ್ನೇ ಅಂಕಪಟ್ಟಿಗೂ ಇಳಿಸಿ.

ಈಗ ಎಲ್ಲ ಅಭ್ಯರ್ಥಿಗಳಿಗೂ ಒಂದೇ ನೋಟ್‌ಬುಕ್ ಕೊಡಿ. ಅದರಲ್ಲಿ ಮಗು 52ರಲ್ಲಿ 27 ಕಳೆದು 35 ಅಂತ ಬರೆದಿದೆ. ಬಿಡಿಯಲ್ಲಿ 2ರಿಂದ 7 ಕಳೆಯೋ ಬದಲು, 7ರಿಂದ 2 ಕಳೆದಿದೆ.

ತಪ್ಪು ಹೊಡೆದು, 25 ಅಂತ ಸರಿ ಉತ್ತರ ಬರೆದುಕೊಟ್ಟರೆ 1 ಅಂಕ. ದಶಕ ತೆಗೆದುಕೊಳ್ಳೋ ಕ್ರಮ ಮತ್ತೆ ಹೇಳಿಕೊಟ್ಟರೆ 3. ‘ಹೇಗೆ ಮಾಡಿದೆ ಪುಟ್ಟಾ, ಹೇಳು’ ಅಂತ ಕೇಳಿ, ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದರೆ 5.

ಸಂದರ್ಶಕರು ಮಾತಾಡಿಕೊಳ್ಳೋ ಮೊದಲೇ ಬೇರೆಬೇರೆಯಾಗಿ ಅಂಕ ಹಾಕಲಿ, ಪಕ್ಕದಲ್ಲಿ ಕಂಡದ್ದನ್ನು ಬರೆಯಲಿ. ಇಲ್ಲದಿದ್ದರೆ ಹಿರಿಯರ ಅಭಿಪ್ರಾಯವೇ ಎಲ್ಲರ ಅಂಕ ಆಗಿಬಿಡುತ್ತೆ. ಒಬ್ಬರು 1, ಇನ್ನೊಬ್ಬರು 5 ಕೊಟ್ಟಿದ್ದರೆ ಸರಾಸರಿ ತೆಗೆಯಬೇಡಿ; ಬರೆದಿಟ್ಟದ್ದನ್ನು ಓದಿ ನಿರ್ಧರಿಸಿ. ಪಕ್ಕದ ಜಾಗ ಖಾಲಿ ಇದ್ದರೆ, ಆ ಅಂಕ ಲೆಕ್ಕಕ್ಕಿಲ್ಲ.